ಸ್ಕ್ಯಾನ್ ಸುತ್ತೋಲೆಯ ಕೋಷ್ಟಕ ಎಕ್ಸೆಲ್‌ನಲ್ಲಿ ಕೊಡಿ ಅಂತ ಪತ್ರ ಬರೆದವರು ಯಾರಾದ್ರೂ ಇದ್ದೀರಾ?

ಕೇಳಿದವರು: ಶಿವಮೊಗ್ಗ ಕಡೆಯ ಎಸ್‌ಡಿಎ

ಮೇಲಿನ ಕಚೇರಿಯಿಂದ 7ನೇ ವೇತನ ಆಯೋಗದ ವೇತನ ನಿಗದಿ ಸುತ್ತೋಲೆ ಬಂದಿದೆ. ಅನುಬಂಧದ ಕೋಷ್ಟಕ 11 ಪುಟ, ಎಲ್ಲಾ ಓರೆಯಾಗಿ ಸ್ಕ್ಯಾನ್ ಮಾಡಿದ್ದು. ನಮ್ಮದು ಮಂಡಳಿ, ಎಚ್‌ಆರ್‌ಎಂಎಸ್ ಇಲ್ಲ, 38 ಜನರ ಲೆಕ್ಕ ನಾನೇ ಮಾಡಬೇಕು. ಎಡಿಟ್ ಮಾಡುವಂಥ ಪ್ರತಿ ಕೊಡಿ ಅಂತ ಪತ್ರ ಬರೆದರೆ ಕೊಡುತ್ತಾರಾ? ಹೇಗೆ ಬರೆಯಬೇಕು?

ನಿವೃತ್ತ ಅಧೀಕ್ಷಕ, ತುಮಕೂರು

ನಾನು ಇಂಥ ಪತ್ರಗಳನ್ನು ತೆಗೆದುಕೊಳ್ಳುವ ಕಡೆ ಕೂತಿದ್ದವನು. ಹತ್ತು ಪತ್ರ ಬಂದರೆ ಎಂಟಕ್ಕೆ ಉತ್ತರ ಹೋಗುತ್ತಿರಲಿಲ್ಲ. ಯಾಕೆ ಅಂದ್ರೆ "ತಮ್ಮ ಸುತ್ತೋಲೆಯ ಸಾಫ್ಟ್ ಕಾಪಿ ನೀಡಲು ಕೋರಿದೆ" ಅಂತ ಒಂದೇ ಸಾಲು ಇರುತ್ತಿತ್ತು. ಯಾವ ಸುತ್ತೋಲೆ? ಯಾವ ಪುಟ? ಟಪಾಲಿನಲ್ಲಿ ಬಂದ ಪತ್ರ ಯಾವ ಕೇಸ್ ವರ್ಕರ್‌ಗೆ ಹೋಗಬೇಕು ಅಂತಲೇ ಗೊತ್ತಾಗದೆ ಮೂರು ಟೇಬಲ್ ಸುತ್ತಿ ಕೊನೆಗೆ ಕಡತದೊಳಗೆ ಸೇರಿಬಿಡುತ್ತಿತ್ತು.

ಇನ್ನೊಂದು ಕಾರಣ ಭಯ. ಸಹಿ ಆದ ಕಾಗದ ಕೊಟ್ಟರೆ ಅದರ ಜವಾಬ್ದಾರಿ ಸಹಿ ಮಾಡಿದವರದು. ಎಕ್ಸೆಲ್ ಕೊಟ್ಟು, ಅದರಲ್ಲಿ ಯಾರೋ ಒಂದು ಅಂಕಿ ಬದಲಾಯಿಸಿ, ನಾಳೆ "ನಿಮ್ಮ ಕಚೇರಿ ಕೊಟ್ಟಿದ್ದು" ಅಂದರೆ? ಅದಕ್ಕೇ ಪತ್ರದಲ್ಲಿ ಆ ಭಯವನ್ನು ನಾವೇ ತೆಗೆದುಹಾಕಬೇಕು. ಒಮ್ಮೆ ಒಂದು ತಾಲ್ಲೂಕಿನ ಹುಡುಗಿ ಬರೆದ ಪತ್ರ ಬಂತು. ಅದನ್ನು ನೋಡಿದ ದಿನವೇ ಫೈಲ್ ಮೇಲ್ ಮಾಡಿಸಿದೆ. ಹೆಚ್ಚೂಕಡಿಮೆ ಹೀಗಿತ್ತು:

"ವಿಷಯ: ವೇತನ ನಿಗದಿ ಸುತ್ತೋಲೆಯ ಅನುಬಂಧ-2ರ ಕೋಷ್ಟಕವನ್ನು ಎಕ್ಸೆಲ್ ಅಥವಾ ವರ್ಡ್ ರೂಪದಲ್ಲಿ ಒದಗಿಸುವ ಬಗ್ಗೆ. ಉಲ್ಲೇಖ: ತಮ್ಮ ಸುತ್ತೋಲೆ ಸಂಖ್ಯೆ ಮತ್ತು ದಿನಾಂಕ. ಮಾನ್ಯರೇ, ಉಲ್ಲೇಖಿತ ಸುತ್ತೋಲೆಯ ಪುಟ 5ರಿಂದ 15ರವರೆಗಿನ ಕೋಷ್ಟಕವು ಸ್ಕ್ಯಾನ್ ಪ್ರತಿಯಾಗಿದ್ದು, ಪುಟ 8 ಮತ್ತು 12ರಲ್ಲಿ ಅಂಕಿಗಳು ಸ್ಪಷ್ಟವಾಗಿಲ್ಲ. ಸದರಿ ಕೋಷ್ಟಕದ ಮೂಲ ಕಡತವು ತಮ್ಮ ಶಾಖೆಯಲ್ಲಿ ಲಭ್ಯವಿದ್ದಲ್ಲಿ ಈ ಕಚೇರಿಯ ಇ-ಮೇಲ್‌ಗೆ ಕಳುಹಿಸಿಕೊಡಲು ಕೋರಿದೆ. ಅದನ್ನು ಲೆಕ್ಕಾಚಾರಕ್ಕೆ ಮಾತ್ರ ಬಳಸಿಕೊಳ್ಳಲಾಗುವುದು. ವ್ಯತ್ಯಾಸ ಕಂಡುಬಂದಲ್ಲಿ ಸಹಿ ಮಾಡಿದ ಸುತ್ತೋಲೆಯನ್ನೇ ಅಂತಿಮವೆಂದು ಪರಿಗಣಿಸಲಾಗುವುದು."

ಆ ಕೊನೆಯ ಎರಡು ವಾಕ್ಯಕ್ಕೇ ಫೈಲ್ ಹೋಯಿತು. ಪುಟದ ಸಂಖ್ಯೆ ಹಾಕಿದ್ದರಿಂದ ಕೇಸ್ ವರ್ಕರ್ ಹುಡುಕಬೇಕಾಗಲಿಲ್ಲ. "ಲಭ್ಯವಿದ್ದಲ್ಲಿ" ಅಂದಿದ್ದರಿಂದ ಹೊಸದಾಗಿ ಟೈಪ್ ಮಾಡಿಕೊಡಬೇಕೇನೋ ಅನ್ನೋ ಅನುಮಾನವೂ ಬರಲಿಲ್ಲ. ಸಹಿ ನಿಮ್ಮದಲ್ಲ, ಕಚೇರಿ ಮುಖ್ಯಸ್ಥರದು ಇರಬೇಕು. ಕರಡು ಹಾಕಿ ಕಡತದಲ್ಲಿ ಮಂಡಿಸಿ.

ಆರ್‌ಟಿಐ ಹಾಕಿ ಗೆದ್ದವನು

ಕೋರಿದೆ, ಕೋರಿದೆ ಅಂತ ಬರೆದು ಬರೆದು ನನಗೆ ಎಂಟು ತಿಂಗಳು ಹೋಯಿತು. ಮೂರು ಪತ್ರ, ಎರಡು ನೆನಪೋಲೆ. ರಿಜಿಸ್ಟರ್ ಪೋಸ್ಟ್ ರಸೀದಿ ಈಗಲೂ ಇಟ್ಟಿದ್ದೇನೆ. ಒಂದಕ್ಕೂ ಉತ್ತರ ಇಲ್ಲ. ಕೊನೆಗೆ ಮನೆ ವಿಳಾಸದಿಂದ, ನನ್ನ ಸ್ವಂತ ಹೆಸರಲ್ಲಿ, 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಆರ್‌ಟಿಐ ಅರ್ಜಿ ಹಾಕಿದೆ. 29ನೇ ದಿನ ಉತ್ತರ ಬಂತು: "ಸುತ್ತೋಲೆ ಜಾಲತಾಣದಲ್ಲಿ ಲಭ್ಯವಿದೆ." ನನಗೆ ಗೊತ್ತಿಲ್ವಾ ಅದು? ಮೊದಲ ಮೇಲ್ಮನವಿ ಹಾಕಿದೆ. ಕಲಂ 7(9) ತೋರಿಸಿದೆ, ಕೇಳಿದ ರೂಪದಲ್ಲೇ ಕೊಡಬೇಕು ಅಂತ ಕಾಯ್ದೆಯಲ್ಲೇ ಇದೆ. ಮುಂದಿನ ವಾರ ಫೈಲ್ ಬಂತು. ಹಾಗಾಗಿ ಪತ್ರ ಬಿಡಿ, ನೇರ ಆರ್‌ಟಿಐ ಹಾಕಿ. ಅವರು ಎಕ್ಸೆಲ್ ಕೊಡಲೇಬೇಕು, ಬೇರೆ ದಾರಿ ಇಲ್ಲ ಅವರಿಗೆ.

ನಿವೃತ್ತ ಅಧೀಕ್ಷಕ, ತುಮಕೂರು

ಕೊಡಲೇಬೇಕು ಅನ್ನೋದು ತಪ್ಪು. 7(9)ರಲ್ಲಿ "ಸಾಮಾನ್ಯವಾಗಿ" ಅಂತಿದೆ, ಕಚೇರಿಯ ಸಂಪನ್ಮೂಲಕ್ಕೆ ಮಿತಿಮೀರಿದ ಹೊರೆ ಆದರೆ ಬೇಕಿಲ್ಲ ಅಂತಲೂ ಇದೆ. ಅದಕ್ಕಿಂತ ದೊಡ್ಡದು, ಕಚೇರಿಯಲ್ಲಿ ಇರುವ ಮಾಹಿತಿಯನ್ನು ಮಾತ್ರ ಕೊಡಬೇಕು. ಇಲ್ಲದ್ದನ್ನು ನಿಮಗಾಗಿ ತಯಾರು ಮಾಡಿಕೊಡಬೇಕಿಲ್ಲ. ಎಷ್ಟೋ ಕಡೆ ಕರಡು ಇರುವುದು ಕೇಸ್ ವರ್ಕರ್ ಕಂಪ್ಯೂಟರ್‌ನಲ್ಲಿ ಮಾತ್ರ. ಅವರಿಗೆ ವರ್ಗಾವಣೆ ಆಗಿ, ಕಂಪ್ಯೂಟರ್ ಫಾರ್ಮ್ಯಾಟ್ ಆದರೆ ಮುಗಿಯಿತು. ಆಗ "ಕಡತದಲ್ಲಿ ಮುದ್ರಿತ ಪ್ರತಿ ಮಾತ್ರ ಇದೆ" ಅಂತ ಉತ್ತರ ಬರುತ್ತೆ, ಮತ್ತು ಅದು ಸರಿಯಾದ ಉತ್ತರವೇ. ನಿಮಗೆ ಸಿಕ್ಕಿದ್ದು ಫೈಲ್ ಇತ್ತು ಅಂತ.

ಆರ್‌ಟಿಐ ಹಾಕಿ ಗೆದ್ದವನು

ಎಂಟು ತಿಂಗಳು ಉತ್ತರ ಕೊಡದೆ ಕೂತಿದ್ದವರು ನಿಮ್ಮಂಥವರೇ ಅಲ್ವಾ ಸರ್? ಹತ್ತರಲ್ಲಿ ಎಂಟಕ್ಕೆ ಉತ್ತರ ಹೋಗುತ್ತಿರಲಿಲ್ಲ ಅಂತ ನೀವೇ ಬರೆದಿದ್ದೀರಿ. ಒಂದು ಫೋನ್ ಮಾಡಿ ಯಾವ ಸುತ್ತೋಲೆ ಅಂತ ಕೇಳೋಕೆ ಆಗ್ತಿರಲಿಲ್ವಾ?

ನಿವೃತ್ತ ಅಧೀಕ್ಷಕ, ತುಮಕೂರು

ಕೇಳಬಹುದಿತ್ತು. ಕೇಳಲಿಲ್ಲ. ಅದು ತಪ್ಪೇ, ಒಪ್ಪುತ್ತೇನೆ. ಹಾಗಂತ ಒಬ್ಬ ಎಸ್‌ಡಿಎಗೆ ಮೇಲಿನ ಕಚೇರಿ ಮೇಲೆ ಮೊದಲೇ ಆರ್‌ಟಿಐ ಹಾಕು ಅಂತ ಹೇಳಬೇಡಿ. ಆಮೇಲೆ ಅವನ ಪ್ರತಿಯೊಂದು ಕಡತವೂ ಆಕ್ಷೇಪಣೆ ಆಗಿ ವಾಪಸ್ ಬರುತ್ತೆ.

ವೀಣಾ, ಲೆಕ್ಕ ಶಾಖೆ

ನಾನು ಪತ್ರವನ್ನೂ ಬರೆಯಲಿಲ್ಲ, ಆರ್‌ಟಿಐಯನ್ನೂ ಹಾಕಲಿಲ್ಲ. ಕಚೇರಿ ಹತ್ತಿರದ ಡಿಟಿಪಿಯವರಿಗೆ ಕೊಟ್ಟು ಟೈಪ್ ಮಾಡಿಸಿದೆ. 9 ಪುಟ, ಪುಟಕ್ಕೆ 35 ರೂಪಾಯಿ, 315 ಆಯಿತು, ಕೈಯಿಂದಲೇ ಕೊಟ್ಟೆ. ಮೂರನೇ ದಿನ ಫೈಲ್ ಬಂತು, ಚೆನ್ನಾಗೇ ಕಾಣ್ತಿತ್ತು. ಮೊದಲ ತೊಂದರೆ, ಅವರು ಎಲ್ಲಾ ಮೊತ್ತಕ್ಕೂ 21,400/- ಅಂತ ಹಾಕಿದ್ದರು. ಆ ಗೆರೆ ಸೇರಿದ ಕೂಡಲೇ ಎಕ್ಸೆಲ್ ಅದನ್ನು ಅಕ್ಷರ ಅಂದುಕೊಳ್ಳುತ್ತೆ, ಮೊತ್ತದಲ್ಲಿ ಸೇರಿಸೋದೇ ಇಲ್ಲ. ಅದು ಬೇಗ ಗೊತ್ತಾಯಿತು.

ಗೊತ್ತಾಗದೇ ಹೋಗಿದ್ದು ಇನ್ನೊಂದು. ನಾಲ್ಕನೇ ಪುಟದ ಮೇಲ್ಗಡೆ, ಹೊಸ ವೇತನದ ಕಾಲಂನಲ್ಲಿ ಮಾತ್ರ, ಒಂದು ಸಾಲು ಬಿಟ್ಟು ಟೈಪ್ ಮಾಡಿದ್ದರು. ಸ್ಕ್ಯಾನ್‌ನಲ್ಲಿ ಆ ಸಾಲಿನ ಮೇಲೇ ಸೀಲು ಬಿದ್ದಿತ್ತು. ಅಲ್ಲಿಂದ ಕೆಳಗೆ ಎಲ್ಲರಿಗೂ ಒಂದು ಹಂತ ಜಾಸ್ತಿ ಸಂಬಳ. ಏಳು ಜನ. 14 ತಿಂಗಳು ಆದ ಮೇಲೆ ಆಡಿಟ್‌ನವರು ಹಿಡಿದರು. ಒಬ್ಬೊಬ್ಬರಿಗೂ 14 ಸಾವಿರದ ಹತ್ತಿರ ವಸೂಲಿ. ಅದರಲ್ಲಿ ಒಬ್ಬರು ನಿವೃತ್ತಿಗೆ ಎರಡು ತಿಂಗಳಿದ್ದ ಡ್ರೈವರ್. ಅವರು ನನ್ನ ಟೇಬಲ್ ಮುಂದೆ ನಿಂತು "ಮೇಡಂ, ನಾನು ಕೇಳಿದ್ನಾ ಜಾಸ್ತಿ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ದಯವಿಟ್ಟು ಟೈಪ್ ಮಾಡಿಸೋದಾದರೆ ಒಂದೊಂದೇ ಸಾಲು ಸ್ಕೇಲ್ ಇಟ್ಟು ನೋಡಿ, ಒಬ್ಬರು ಓದಿ ಇನ್ನೊಬ್ಬರು ನೋಡಿ.

ನಿವೃತ್ತ ಅಧೀಕ್ಷಕ, ತುಮಕೂರು

ವೀಣಾ ಅವರೇ, ಕಣ್ಣಿನಲ್ಲಿ ನೋಡಿದರೆ ಸಾಲದು. ಹಳೇ ವೇತನ ಶ್ರೇಣಿಯಲ್ಲೇ ತಪ್ಪು ಹಿಡಿಯುವ ದಾರಿ ಇದೆ. 2018ರ ಶ್ರೇಣಿಯಲ್ಲಿ 22,400 ಆದ ಮೇಲೆ 550ರಂತೆ ನಾಲ್ಕು ಸಲ ಏರುತ್ತೆ: 22,950, 23,500, 24,050, 24,600. ಆಮೇಲೆ 600ರಂತೆ ನಾಲ್ಕು ಸಲ, 27,000ದವರೆಗೆ. ಹೀಗೇ 39,800ರ ತನಕ ನಾಲ್ಕು ನಾಲ್ಕು, ಅಲ್ಲಿಂದ 1,100ರಂತೆ ಆರು ಸಲ. ಪಕ್ಕದಲ್ಲಿ ಒಂದು ಕಾಲಂ ಹಾಕಿ ಮೇಲಿನ ಸಾಲು ಕಳೆಯಿರಿ. 23,500 ಅನ್ನೋದು 28,500 ಆಗಿದ್ದರೆ ವ್ಯತ್ಯಾಸ 550 ಬದಲು 5,550 ಬರುತ್ತೆ, ಅದರ ಕೆಳಗೆ ಮೈನಸ್ 4,450. ತಕ್ಷಣ ಕಾಣುತ್ತೆ.

ಒಂದು ಕಾಲಂ ಪೂರ್ತಿ ಜಾರಿದ್ದರೆ ಇದು ಸಾಲದು. ಅದಕ್ಕೆ ಹಳೇ ವೇತನ B ಕಾಲಂ, ಹೊಸದು C ಕಾಲಂ ಇದ್ದರೆ:

```
=C2-B2*1.585
```

31 ಶೇಕಡ ತುಟ್ಟಿಭತ್ಯೆ, 27.5 ಶೇಕಡ ಫಿಟ್‌ಮೆಂಟ್, ಅದೇ ಈ 1.585. ಅದರಿಂದ ಬಂದ ಮೊತ್ತಕ್ಕಿಂತ ಮುಂದಿನ ಹಂತಕ್ಕೆ ನಿಗದಿ ಆಗುತ್ತೆ. 21,400ಕ್ಕೆ 33,919 ಬರುತ್ತೆ, ಕೋಷ್ಟಕದಲ್ಲಿ 34,100, ವ್ಯತ್ಯಾಸ 181. ಇದು ಸರಿ. ಮೈನಸ್ ಬರಬಾರದು, ಆ ಹಂತದ ಒಂದು ಇನ್‌ಕ್ರಿಮೆಂಟ್‌ಗಿಂತ ಜಾಸ್ತಿಯೂ ಬರಬಾರದು. ನಿಮ್ಮ ನಾಲ್ಕನೇ ಪುಟದಲ್ಲಿ ಅಲ್ಲಿಂದ ಕೆಳಗೆ ಪ್ರತಿ ಸಾಲಿಗೂ ಇನ್‌ಕ್ರಿಮೆಂಟ್‌ಗಿಂತ ಜಾಸ್ತಿ ಬರುತ್ತಿತ್ತು.

ವೀಣಾ, ಲೆಕ್ಕ ಶಾಖೆ

ಈ ಒಂದು ಸಾಲು ಅವತ್ತು ಯಾರಾದ್ರೂ ಹೇಳಿದ್ದರೆ ಸರ್...

ನುಡಿ ಬಳಸುವವನು, ಧಾರವಾಡ

ನೀವು ನುಡಿ ಫಾಂಟ್ ಬದಲಾಯಿಸೋ ಬಗ್ಗೆ ಕೇಳ್ತಿದ್ದೀರಿ ಅಂದುಕೊಂಡು ಬರೀತಿದ್ದೇನೆ. ನಮಗೆ ವರ್ಡ್ ಫೈಲೇ ಬಂತು, ಖುಷಿಯಿಂದ ತೆಗೆದರೆ ಪದನಾಮದ ಕಾಲಂ ಪೂರ್ತಿ `PÀ£ÁðlPÀ` `¸ÀPÁðgÀ` ಅಂತ. ಹಳೇ ನುಡಿಯಲ್ಲಿ ಟೈಪ್ ಮಾಡಿದ್ದು, ನನ್ನ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಇರಲಿಲ್ಲ. ಪರಿವರ್ತಕದಲ್ಲಿ ಇಡೀ ಫೈಲ್ ಹಾಕಿದೆ. ಕನ್ನಡ ಸರಿ ಆಯಿತು, ಇಂಗ್ಲಿಷ್‌ನಲ್ಲಿದ್ದ ಹುದ್ದೆಯ ಹೆಸರೆಲ್ಲಾ ಕನ್ನಡದ ಕಸ ಆಯಿತು. ಎರಡು ದಿನ ವ್ಯರ್ಥ. ಯೂನಿಕೋಡ್‌ನಲ್ಲೇ ಕಳುಹಿಸಿ ಅಂತ ಪತ್ರದಲ್ಲಿ ಬರೆಯಿರಿ.

ಆರ್‌ಟಿಐ ಹಾಕಿ ಗೆದ್ದವನು

ರೀ, ಅವರು ಕೇಳಿದ್ದು ಅಂಕಿ. ಅಂಕಿಗೆ ನುಡಿ ಆದರೇನು, ಯೂನಿಕೋಡ್ ಆದರೇನು? ಸುಮ್ನೆ ದಾರಿ ತಪ್ಪಿಸಬೇಡಿ.

ನುಡಿ ಬಳಸುವವನು, ಧಾರವಾಡ

ಅಂಕಿ ಮಾತ್ರ ಇರುವ ಸುತ್ತೋಲೆ ಯಾವ ಇಲಾಖೆ ಹೊರಡಿಸುತ್ತೆ ಹೇಳಿ? ಪದನಾಮ ಓದೋಕೆ ಆಗದಿದ್ದರೆ 34,100 ಯಾರದು ಅಂತ ಹೇಗೆ ಗೊತ್ತಾಗುತ್ತೆ? ನೀವು ಪ್ರತಿಯೊಂದಕ್ಕೂ ಜಗಳಕ್ಕೆ ಬರ್ತೀರಿ.

ನಿವೃತ್ತ ಅಧೀಕ್ಷಕ, ತುಮಕೂರು

ಧಾರವಾಡದವರು ಹೇಳಿದ್ದರಲ್ಲಿ ಅರ್ಥ ಇದೆ. ಆದರೆ ಯೂನಿಕೋಡ್‌ನಲ್ಲೇ ಬೇಕು ಅಂತ ಷರತ್ತು ಹಾಕಬೇಡಿ, ಇರುವ ಫೈಲೂ ಬರದೆ ಹೋಗುತ್ತೆ. "ಇರುವ ರೂಪದಲ್ಲೇ" ಅನ್ನಿ. ಬಂದ ಮೇಲೆ ಕನ್ನಡದ ಕಾಲಂ ಒಂದನ್ನೇ ಪರಿವರ್ತಕಕ್ಕೆ ಹಾಕಿ, ಅಂಕಿಯ ಕಾಲಂ ಮುಟ್ಟಬೇಡಿ.

ಕೇಳಿದವರು: ಶಿವಮೊಗ್ಗ ಕಡೆಯ ಎಸ್‌ಡಿಎ

ಕರಡು ಹಾಕಿ ಮಂಡಿಸಿದೆ. ನಮ್ಮ ಸಾಹೇಬರು "ಲೆಕ್ಕಾಚಾರಕ್ಕೆ ಮಾತ್ರ" ಅನ್ನೋ ವಾಕ್ಯ ಉಳಿಸಿಕೊಂಡರು, ಪುಟ 8 ಸ್ಪಷ್ಟವಾಗಿಲ್ಲ ಅನ್ನೋದನ್ನು ಹೊಡೆದು ಹಾಕಿದರು. ಮೇಲಿನವರನ್ನು ದೂರಿದ ಹಾಗಾಗುತ್ತೆ ಅಂತೆ. ಅದನ್ನು ಬಿಟ್ಟರೆ ಫೈಲ್ ಯಾಕೆ ಬೇಕು ಅಂತ ಅವರಿಗೆ ಹೇಗೆ ತಿಳಿಯುತ್ತೆ ಸರ್?

ಆರ್‌ಟಿಐ ಹಾಕಿ ಗೆದ್ದವನು

ನೋಡಿ, ಶುರುವಾಯಿತು. ರಸೀದಿ ಇಟ್ಟುಕೊಳ್ಳಿ.

ವೀಣಾ, ಲೆಕ್ಕ ಶಾಖೆ

"ಸ್ಪಷ್ಟವಾಗಿಲ್ಲ" ಬದಲು "ಪುಟ 8ರ ಅಂಕಿಗಳನ್ನು ಖಚಿತಪಡಿಸಿಕೊಳ್ಳಬೇಕಿದೆ" ಅಂತ ಹಾಕಿ ಮತ್ತೆ ಮಂಡಿಸಿ. ಪತ್ರ ಹೋದ ಮೇಲೆ ಮೂರು ದಿನ ಬಿಟ್ಟು ಆ ಶಾಖೆಗೆ ಫೋನ್ ಮಾಡಿ ಇನ್‌ವರ್ಡ್ ಸಂಖ್ಯೆ ಕೇಳಿ. ಅಲ್ಲಿಯವರೆಗೆ ಪುಟ 8ರಲ್ಲಿ ಬರುವವರ ಸಂಬಳ ಹಳೇದರಲ್ಲೇ ಬಿಡಿ. ಬಾಕಿ ಆಮೇಲೆ ಕೊಡಬಹುದು, ವಸೂಲಿ ಮಾಡೋದು ತುಂಬಾ ಕಷ್ಟ.