ಪ್ರೀಮಿಯಂ ಖಾತೆಯ 95 ಲಕ್ಷ: ಯಾವುದಕ್ಕೆ ಬಳಸಬಹುದು?

ಪ್ರಶ್ನೆ (ತುಮಕೂರಿನ ಸಣ್ಣ ಕಾರ್ಖಾನೆಯ ನಿರ್ದೇಶಕ): ನಮ್ಮದು ಖಾಸಗಿ ಕಂಪನಿ. ಹೊಸ ಹೂಡಿಕೆದಾರರೊಬ್ಬರಿಗೆ ಹತ್ತು ರೂಪಾಯಿ ಮುಖಬೆಲೆಯ 50,000 ಷೇರುಗಳನ್ನು ತಲಾ 200 ರೂಪಾಯಿಗೆ ಕೊಟ್ಟೆವು. ಮುಖಬೆಲೆಗಿಂತ ಹೆಚ್ಚಾಗಿ ಬಂದ 95 ಲಕ್ಷ ಪ್ರೀಮಿಯಂ ಖಾತೆಯಲ್ಲಿದೆ. ಅದನ್ನು ಮುಟ್ಟಬಾರದು ಎಂದು ಲೆಕ್ಕಿಗರು ಹೇಳುತ್ತಾರೆ, ನಮಗೋ ಯಂತ್ರ ಕೊಳ್ಳಬೇಕಿದೆ. ಪಾಲುದಾರ ಭಾವ ಲಾಭಾಂಶ ಕೊಡೋಣ ಎನ್ನುತ್ತಾರೆ. ಹಳೆಯ ನಷ್ಟ 32 ಲಕ್ಷವೂ ಇದೆ. ಅನುಭವವಿದ್ದವರು ತಿಳಿಸಿ.

ನಿವೃತ್ತ ಕಂಪನಿ ಕಾರ್ಯದರ್ಶಿ, ಬೆಂಗಳೂರು: ಯಂತ್ರವನ್ನು ನಾಳೆಯೇ ಕೊಳ್ಳಿ, ಯಾವ ತಡೆಯೂ ಇಲ್ಲ. ನಿಮ್ಮ ಲೆಕ್ಕಿಗರು ಎರಡು ಸಂಗತಿಗಳನ್ನು ಒಂದಾಗಿಸಿದ್ದಾರೆ. ಬ್ಯಾಂಕಿಗೆ ಬಂದದ್ದು ಹಣ. ಅದು ಕಂಪನಿಯ ಕೆಲಸಕ್ಕೆ ಖರ್ಚಾಗುವುದಕ್ಕೇ ಬಂದಿದೆ. ಪ್ರೀಮಿಯಂ ಖಾತೆ ಎಂಬುದು ಬ್ಯಾಲೆನ್ಸ್ ಶೀಟಿನ ಇನ್ನೊಂದು ಬದಿಯ ಸಾಲು. ಯಂತ್ರ ಕೊಂಡರೆ ಬ್ಯಾಂಕಿನ ಶಿಲ್ಕು ಇಳಿದು ಯಂತ್ರದ ಲೆಕ್ಕ ಏರುತ್ತದೆ, 95 ಲಕ್ಷದ ಸಾಲು ಕದಲುವುದೇ ಇಲ್ಲ. ಕಾನೂನಿನ ಕಟ್ಟಳೆ ಇರುವುದು ಆ ಸಾಲನ್ನು ಕಡಿಮೆ ಮಾಡುವುದಕ್ಕೆ.

ಲಾಭಾಂಶಕ್ಕೆ ಮಾತ್ರ ಇಲ್ಲ. 2013ರ ಕಂಪನಿ ಕಾಯ್ದೆಯ 52ನೆಯ ಕಲಂ ಈ ಮೊತ್ತವನ್ನು ಹೆಚ್ಚುಕಡಿಮೆ ಷೇರು ಬಂಡವಾಳದಂತೆಯೇ ಕಾಣುತ್ತದೆ. ಲಾಭಾಂಶ ಲಾಭದಿಂದ ಹುಟ್ಟಬೇಕು, ಅದಕ್ಕೂ ಮೊದಲು ಹಳೆಯ ನಷ್ಟ ತೀರಬೇಕು. ಭಾವನವರಿಗೆ ಬೇಸರವಾದರೂ ಹೇಳಿಬಿಡಿ.

ಹುಬ್ಬಳ್ಳಿಯ ಉದ್ಯಮಿ: ನಷ್ಟವನ್ನು ಈ ಖಾತೆಗೇ ವಜಾ ಹಾಕಬಹುದಲ್ಲ! ನಾವು ವಿಶೇಷ ನಿರ್ಣಯ ಮಾಡಿ ಹಾಕಿದೆವು, ಬ್ಯಾಲೆನ್ಸ್ ಶೀಟ್ ಚೊಕ್ಕವಾಯಿತು.

ಕಾರ್ಯದರ್ಶಿ: ಹಾಕಬಹುದು ಎಂಬುದು ನಿಜ, ನಿರ್ಣಯವೊಂದೇ ಸಾಕೆಂಬುದು ತಪ್ಪು. ಈ ಖಾತೆಯನ್ನು ಯಾವುದಕ್ಕೆ ಬಳಸಬಹುದೆಂದು 52ನೆಯ ಕಲಂ ಪಟ್ಟಿ ಕೊಟ್ಟಿದೆ, ನಷ್ಟವನ್ನು ವಜಾ ಮಾಡುವುದು ಅದರಲ್ಲಿಲ್ಲ. ಹಾಗಾಗಿ ಅದು ಬಂಡವಾಳ ಇಳಿಕೆ. 66ನೆಯ ಕಲಮಿನಂತೆ ವಿಶೇಷ ನಿರ್ಣಯದ ಜೊತೆಗೆ ಕಂಪನಿ ಕಾನೂನು ನ್ಯಾಯಮಂಡಳಿಯ ಆದೇಶವೂ ಬೇಕು. ಸಾಲ ಕೊಟ್ಟವರಿಗೆ ನೋಟಿಸು ಹೋಗುತ್ತದೆ, ಆಕ್ಷೇಪಿಸಲು ಅವರಿಗೆ ಮೂರು ತಿಂಗಳ ಕಾಲಾವಕಾಶವಿದೆ. ನಿಮ್ಮ ಆಡಿಟರ್ ಏನೂ ಹೇಳಲಿಲ್ಲವೆ?

ಹುಬ್ಬಳ್ಳಿಯ ಉದ್ಯಮಿ: ಮರುವರ್ಷ ಬಂದ ಹೊಸ ಆಡಿಟರ್ ಹೇಳಿದರು. ನಮೂದನ್ನು ಹಿಂತಿರುಗಿಸಿದೆವು. ಅದನ್ನು ಬರೆಯಲು ಸಂಕೋಚವಾಗಿತ್ತು.

ಮೈಸೂರಿನ ಓದುಗ: ನಾನು ಷೇರುಪೇಟೆಯಲ್ಲಿ ಹತ್ತು ರೂಪಾಯಿಯ ಷೇರನ್ನು 640ಕ್ಕೆ ಕೊಂಡೆ. ನನ್ನ 630 ರೂಪಾಯಿಯೂ ಕಂಪನಿಯ ಈ ಖಾತೆಗೇ ಹೋಯಿತೆ?

ಕಾರ್ಯದರ್ಶಿ: ಇಲ್ಲ ಸ್ವಾಮಿ, ಅದು ನಿಮಗೆ ಷೇರು ಮಾರಿದವರ ಜೇಬಿಗೆ ಹೋಯಿತು. ಕಂಪನಿ ತಾನೇ ಹೊಸದಾಗಿ ಕೊಡುವ ಷೇರಿನ ಮಾತು ಇಲ್ಲಿ ನಡೆಯುತ್ತಿದೆ.

ಕೇಳಿದವರು: ಭಾವನನ್ನು ಸಮಾಧಾನಪಡಿಸಲು ಬೋನಸ್ ಷೇರು ಕೊಡಬಹುದೆ? ಈಗ ಒಟ್ಟು 2,00,000 ಷೇರುಗಳಿವೆ, ಅಧಿಕೃತ ಬಂಡವಾಳ 25 ಲಕ್ಷ.

ಕಾರ್ಯದರ್ಶಿ: ಕೊಡಬಹುದು, ಪಟ್ಟಿಯ ಮೊದಲ ಬಳಕೆಯೇ ಅದು. ಒಂದಕ್ಕೊಂದು ಕೊಟ್ಟರೆ ಹೊಸದಾಗಿ 2,00,000 ಷೇರು, ಮುಖಬೆಲೆಯಲ್ಲಿ 20 ಲಕ್ಷ. ಪ್ರೀಮಿಯಂ ಖಾತೆ 75 ಲಕ್ಷಕ್ಕೆ ಇಳಿಯುತ್ತದೆ, ಷೇರು ಬಂಡವಾಳ 20ರಿಂದ 40 ಲಕ್ಷಕ್ಕೆ ಏರುತ್ತದೆ. ಒಂದು ಪೈಸೆಯೂ ಹೊರಗೆ ಹೋಗುವುದಿಲ್ಲ, ಯಾರ ಪಾಲಿನ ಪ್ರಮಾಣವೂ ಬದಲಾಗುವುದಿಲ್ಲ. ಷೇರು ಬಂಡವಾಳ ಅಧಿಕೃತ ಬಂಡವಾಳದ ಮಿತಿ ಮೀರುವಂತಿಲ್ಲ, ಅದನ್ನು ಮೊದಲು 40 ಲಕ್ಷಕ್ಕೆ ಏರಿಸಿಕೊಳ್ಳಿ. ಕಂಪನಿಯ ನಿಯಮಾವಳಿಯಲ್ಲಿ ಬೋನಸಿಗೆ ಅವಕಾಶವಿದೆಯೇ ನೋಡಿ. ಕಾರ್ಮಿಕರ ಭವಿಷ್ಯನಿಧಿ, ಗ್ರಾಚ್ಯುಟಿ ಬಾಕಿ ಉಳಿಸಿಕೊಂಡಿದ್ದರೆ ಬೋನಸ್ ಕೊಡುವಂತಿಲ್ಲ. ಲಾಭಾಂಶಕ್ಕೆ ಬದಲಾಗಿ ಕೊಡುತ್ತಿದ್ದೇವೆ ಎಂದು ನಿರ್ಣಯದಲ್ಲಿ ಬರೆಯಬೇಡಿ. ಕಾಯ್ದೆ ಅದನ್ನು ಸ್ಪಷ್ಟವಾಗಿ ನಿಷೇಧಿಸಿದೆ.

ಲೆಕ್ಕಪರಿಶೋಧಕಿ, ಮಂಗಳೂರು: ಷೇರು ನೀಡಿಕೆಯ ಖರ್ಚನ್ನೂ ಇದರಲ್ಲಿ ವಜಾ ಮಾಡಬಹುದು. ಷೇರು ಮರುಖರೀದಿಗೂ ಬಳಸಬಹುದು, ಆದರೆ ಕೊಂಡ ಷೇರುಗಳ ಮುಖಬೆಲೆಯಷ್ಟನ್ನು ಬೇರೊಂದು ಮೀಸಲಿಗೆ ವರ್ಗಾಯಿಸಬೇಕು. ದೊಡ್ಡ ಕಂಪನಿಗಳು ಅನುಸರಿಸುವ ಇಂಡ್ ಎಎಸ್ ಲೆಕ್ಕಪದ್ಧತಿಯಲ್ಲಿ ಪಟ್ಟಿ ಇನ್ನೂ ಚಿಕ್ಕದು: ಅಲ್ಲಿ ಸಾಲಪತ್ರ ನೀಡಿಕೆಯ ಖರ್ಚಿಗೂ ಅವಕಾಶವಿಲ್ಲ.

ಕೇಳಿದವರು: ಹೂಡಿಕೆದಾರರನ್ನು ಹುಡುಕಿಕೊಟ್ಟ ಸಲಹೆಗಾರರಿಗೆ ಎರಡು ಲಕ್ಷ ಕೊಟ್ಟಿದ್ದೆವು. ಅದರಲ್ಲಿ ವ್ಯಾಪಾರ ಯೋಜನೆ ಬರೆದುಕೊಟ್ಟ ಶುಲ್ಕವೂ ಸೇರಿದೆ.

ಲೆಕ್ಕಪರಿಶೋಧಕಿ: ಹುಡುಕಿಕೊಟ್ಟ ಭಾಗ ನೀಡಿಕೆಯ ಖರ್ಚೆಂದು ನಾನು ಒಪ್ಪುತ್ತೇನೆ, ಯೋಜನೆಯ ಭಾಗವನ್ನು ಒಪ್ಪುವುದಿಲ್ಲ. ಬಿಲ್ಲನ್ನು ಒಡೆದು ತೋರಿಸಲು ಕೇಳಿ.

ಕಾರ್ಯದರ್ಶಿ: ಯೋಜನೆ ಇಲ್ಲದೆ ಯಾವ ಹೂಡಿಕೆದಾರ ಬರುತ್ತಾನಮ್ಮ? ನಾನಾಗಿದ್ದರೆ ಎರಡನ್ನೂ ಸೇರಿಸುತ್ತಿದ್ದೆ.

ಲೆಕ್ಕಪರಿಶೋಧಕಿ: ಸಹಿ ಹಾಕಬೇಕಾದವಳು ನಾನಾಗಿದ್ದರೆ ನೀವು ಸೇರಿಸುತ್ತಿರಲಿಲ್ಲ, ಸರ್.