ಅಪ್‌ಡೇಟ್: ಅಜ್ಜಿಯ ಸೆರಗಿಗೆ ತಾಗಿದ್ದ ಮೊಣಕೈ ಹೋಯಿತು

ಕೇಳಿದ್ದು: "ಚಿತ್ರದುರ್ಗದ ಕೋಟೆಯಲ್ಲಿ ತೆಗೆದ ಮನೆಯವರ ಫೋಟೊದ ಬಲ ಅಂಚಲ್ಲಿ ಯಾರದೋ ಮೊಣಕೈ ಅಜ್ಜಿಯ ಸೆರಗಿಗೆ ತಾಗಿದೆ. ಕ್ರಾಪ್ ಮಾಡಿದರೆ ಅಜ್ಜಿಯ ಭುಜವೂ ಹೋಗುತ್ತದೆ. ಏನು ಮಾಡಲಿ?"

ಅಪ್‌ಡೇಟ್: ಸರಿಹೋಯಿತು, ಉತ್ತರಿಸಿದವರಿಗೆಲ್ಲ ಧನ್ಯವಾದ. ಫೋಟೊ 4000×3000 ಪಿಕ್ಸೆಲ್ ಇತ್ತು. 6×4 ಇಂಚಿನ ಪ್ರಿಂಟ್‌ಗೆ ಹೇಗೂ ಕತ್ತರಿಸಬೇಕಲ್ಲ, ಹಾಗಾಗಿ ಬಲದಿಂದ 300 ಪಿಕ್ಸೆಲ್ ತೆಗೆದು 3700×2467 ಮಾಡಿದೆ. ಉಳಿದದ್ದು ಮೊಣಕೈಯ ತುದಿ ಮಾತ್ರ.

ಫೋಟೊಶಾಪ್‌ನ Healing Brush ಇಲ್ಲಿ ಬೇಡ. ಅದು ಅಕ್ಕಪಕ್ಕದ ಬಣ್ಣಕ್ಕೆ ಹೊಂದಿಸಿಕೊಳ್ಳುವುದರಿಂದ ಸೆರಗಿನ ಕೆಂಪು ಬಣ್ಣ ಹಿಂದಿನ ಗೋಡೆಯ ಕಲ್ಲಿನ ಮೇಲೆ ಕಲೆಯಾಗಿ ಹರಡುತ್ತದೆ. ಮೊದಲು ಸೆರಗಿನ ಅಂಚಿಗುಂಟ ಲಾಸೊದಲ್ಲಿ ಗೋಡೆಯ ಕಡೆಯನ್ನಷ್ಟೇ ಸೆಲೆಕ್ಟ್ ಮಾಡಿ 1 ಪಿಕ್ಸೆಲ್ ಫೆದರ್ ಕೊಡಿ. ಹೊಸ ಖಾಲಿ ಲೇಯರ್ ಮೇಲೆ Clone Stamp ಹಿಡಿದು, Sample ಅನ್ನು Current & Below ಮಾಡಿ. ಎರಡು ಕಲ್ಲುಗಳ ಸಂದಿನ ಮೇಲೆ Alt ಒತ್ತಿ ಕ್ಲಿಕ್ ಮಾಡಿ, ಅದೇ ಸಂದು ಮುಂದುವರಿಯಬೇಕಾದ ಜಾಗದಿಂದ ಬಳಿಯಲು ಶುರುಮಾಡಿದರೆ ಗೆರೆ ಮುರಿಯುವುದಿಲ್ಲ.

ಗೋಡೆಯ ಮೇಲೆ ಬಿದ್ದ ಮೊಣಕೈಯ ನೆರಳನ್ನೂ ಅಳಿಸಲೇಬೇಕು, ಕೈಯಿಲ್ಲದ ನೆರಳು ಎದ್ದು ಕಾಣುತ್ತದೆ. ಕೊನೆಗೆ ಚಿತ್ರವನ್ನು ಎಡಬಲ ತಿರುಗಿಸಿ ನೋಡಿ. ಒಂದೇ ಕಲ್ಲಿನ ಮಚ್ಚೆ ಎರಡು ಕಡೆ ಬಂದಿದ್ದರೆ ಆಗ ಕಣ್ಣಿಗೆ ಬೀಳುತ್ತದೆ. ಅಲ್ಲಿಗೆ ಬೇರೆ ಕಲ್ಲಿನಿಂದ ಸ್ವಲ್ಪ ಬಳಿದರೆ ಸಾಕು.