ಒನಕೆಯ ಹೊಡೆತಕ್ಕೆ ತೂಕವೇ ಬರುತ್ತಿಲ್ಲ: ಆಂಟಿಸಿಪೇಶನ್ ಚಿತ್ರ ಸೇರಿಸಿದರೆ ಗುಂಡಿ ತಡವಾಗುವುದಿಲ್ಲವೇ?

ಬೆಣ್ಣೆನಗರಿ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಚಿತ್ರದುರ್ಗದ ಕೋಟೆಯ ಕಿಂಡಿಯಲ್ಲಿ ಒನಕೆ ಹಿಡಿದು ನಿಂತ ಓಬವ್ವನನ್ನು ಆಟಗಾರರೇ ಆಡಿಸುವಂಥ ಒಂದು ಸಣ್ಣ ಆಟವನ್ನು ಗೊಡಾಟ್ 4ರಲ್ಲಿ ಮಾಡುತ್ತಿದ್ದೇನೆ. ಗುಂಡಿ ಒತ್ತಿದರೆ ಒನಕೆ ಬೀಸಬೇಕು, ನುಸುಳಿ ಬರುವ ಸೈನಿಕನಿಗೆ ಪೆಟ್ಟು ಬೀಳಬೇಕು, ಕೆಲಸ ಇಷ್ಟೇ. ಹೊಡೆತಕ್ಕೆ 6 ಚಿತ್ರಗಳಿವೆ, ಒಂದೊಂದೂ 3 ಟಿಕ್ ನಿಲ್ಲುತ್ತದೆ, ಆಟ ಸೆಕೆಂಡಿಗೆ 60 ಟಿಕ್‌ನಲ್ಲಿ ಓಡುತ್ತದೆ. ಐದನೆಯ ಚಿತ್ರದಲ್ಲಿ, ಅಂದರೆ ಗುಂಡಿ ಒತ್ತಿದ 12 ಟಿಕ್‌ಗಳ ನಂತರ, ಪೆಟ್ಟು ತಗಲುತ್ತದೆ.

ಆಡಿ ನೋಡಿದವರೆಲ್ಲರೂ ಒಂದೇ ಮಾತು ಹೇಳುತ್ತಿದ್ದಾರೆ: ಓಬವ್ವ ಒನಕೆಯನ್ನಲ್ಲ, ಪೊರಕೆಯನ್ನು ಬೀಸಿದಂತೆ ಕಾಣುತ್ತದೆ. ಪರದೆ ನಡುಗುವಂತೆ ಮಾಡಿದೆ, ಧೂಳು ಎಬ್ಬಿಸಿದೆ, ಸದ್ದನ್ನು ದಪ್ಪಗೊಳಿಸಿದೆ. ಯಾವುದೂ ಪ್ರಯೋಜನಕ್ಕೆ ಬರಲಿಲ್ಲ. ಹೊಡೆಯುವ ಮೊದಲು ಹಿಂದಕ್ಕೆ ಸರಿಯುವ ಒಂದು ಆಂಟಿಸಿಪೇಶನ್ ಚಿತ್ರ ಸೇರಿಸಿ ಎಂದು ಇಲ್ಲಿನ ಹಿರಿಯರೊಬ್ಬರು ಹಿಂದೆ ಹೇಳಿದ್ದರು. ನನಗೆ ಅದು ಒಪ್ಪಿಗೆಯಾಗುತ್ತಿಲ್ಲ. ಆಟಗಾರ ಮುಂದಕ್ಕೆ ಹೊಡೆ ಎಂದು ಗುಂಡಿ ಒತ್ತಿದಾಗ ಪಾತ್ರ ಮೊದಲು ಹಿಂದಕ್ಕೆ ಹೋದರೆ, ಅದು ನಾನೇ ಕೈಯಾರೆ ತುರುಕಿದ ವಿಳಂಬವಲ್ಲವೇ? ವೇಗದ ರೇಖೆಯನ್ನು ಬದಲಿಸುವಂಥ, ಕೋಡಿನಲ್ಲೇ ಮುಗಿಯುವ ಪರಿಹಾರ ಇದ್ದರೆ ದಯವಿಟ್ಟು ತಿಳಿಸಿ.

ಭದ್ರಾನಾಲೆ

ಇದು ಫ್ರೇಮ್ ಬಿಟ್ಟುಹೋಗುವ ಸಮಸ್ಯೆಯಂತೆ ತೋರುತ್ತದೆ. ಧೂಳಿನ ಕಣಗಳನ್ನು ಸೇರಿಸಿದ್ದೀರಿ, ಪೆಟ್ಟು ಬೀಳುವ ಹೊತ್ತಿಗೆ ಫೋನು ಏದುಸಿರು ಬಿಡುತ್ತಿರಬೇಕು. ಪ್ರೊಫೈಲರ್ ತೆರೆದು ಒಮ್ಮೆ ನೋಡಿ. ನನ್ನ ಆಟದಲ್ಲೂ ಹೀಗೆಯೇ ಆಗಿತ್ತು, ಕಣಗಳ ಸಂಖ್ಯೆ ಇಳಿಸಿದ ಕೂಡಲೇ ಸರಿಹೋಯಿತು.

ಬೆಣ್ಣೆನಗರಿ

ನೋಡಿದ್ದೇನೆ ಸರ್. ನನ್ನ ಲ್ಯಾಪ್‌ಟಾಪಿನಲ್ಲಿ 60ರಿಂದ ಕೆಳಗೆ ಇಳಿಯುವುದಿಲ್ಲ. ಚಲನೆ ನುಣುಪಾಗಿಯೇ ಇದೆ, ಆದರೆ ತೂಕವಿಲ್ಲ.

ಹರಿಹರದ ಪಿಕ್ಸೆಲ್

ಆಂಟಿಸಿಪೇಶನ್ ಎಲ್ಲವೂ ಸಿನಿಮಾಕ್ಕೆ. ಆಟದಲ್ಲಿ ಕೈಗೆ ತಕ್ಷಣ ಉತ್ತರ ಸಿಗಬೇಕು. ಪೆಟ್ಟು ತಗಲಿದ ಕ್ಷಣದಲ್ಲಿ ಇಬ್ಬರನ್ನೂ 4 ಟಿಕ್ ಅಲ್ಲಾಡದಂತೆ ನಿಲ್ಲಿಸಿ. ಒನಕೆಯ ವೇಗ ಮೊದಲು ನಿಧಾನವಾಗಿದ್ದು ಕೊನೆಗೆ ಏರುವಂತೆ ಮಾಡಿ. ತೂಕ ತಾನಾಗಿಯೇ ಬರುತ್ತದೆ.

ದುರ್ಗದ ಗೆರೆ (ಚಿತ್ರದುರ್ಗ)

ಹರಿಹರದವರು ಹೇಳಿದ್ದರಲ್ಲಿ ಅರ್ಧ ಸರಿಯಿದೆ. ಪೆಟ್ಟಿನ ಕ್ಷಣದಲ್ಲಿ ನಿಲ್ಲಿಸುವುದು ಒಳ್ಳೆಯದೇ, ಆದರೆ ಅದು ಪೆಟ್ಟು ತಗಲಿದಾಗ ಮಾತ್ರ ಕೆಲಸ ಮಾಡುತ್ತದೆ. ಸೈನಿಕ ತಪ್ಪಿಸಿಕೊಂಡು ಒನಕೆ ಬರಿಯ ಗಾಳಿಯಲ್ಲಿ ಬೀಸಿದರೆ ಏನು ಮಾಡುವಿರಿ? ಆಗಲೂ ಅದು ಭಾರವಾಗಿ ಕಾಣಬೇಕಲ್ಲವೇ? ನೋಡುವವರು ವಸ್ತುವಿನ ತೂಕವನ್ನು ಅದು ಬೀಳುವುದರಿಂದ ಅಳೆಯುವುದಕ್ಕಿಂತ ಹೆಚ್ಚಾಗಿ, ಅದನ್ನು ಎತ್ತಲು ಮೈ ಎಷ್ಟು ಸಿದ್ಧವಾಯಿತು ಎಂಬುದರಿಂದ ಅಳೆಯುತ್ತಾರೆ.

ಬೆಣ್ಣೆನಗರಿಯವರೇ, ನಿಮ್ಮ ಮೊದಲ ಚಿತ್ರ ಯಾವುದು? ಸುಮ್ಮನೆ ನಿಂತ ಓಬವ್ವನೇ ಇದ್ದರೆ, ಗುಂಡಿ ಒತ್ತಿದ ಮೇಲೆ 3 ಟಿಕ್ ಪರದೆಯಲ್ಲಿ ಏನೂ ಆಗುವುದೇ ಇಲ್ಲ. ವಿಳಂಬ ಈಗಾಗಲೇ ನಿಮ್ಮಲ್ಲಿದೆ. ಭಾನುವಾರ ಮಗಳ ಮನೆಗೆಂದು ದಾವಣಗೆರೆಗೆ ಬರುತ್ತಿದ್ದೇನೆ, ಲ್ಯಾಪ್‌ಟಾಪು ತಂದರೆ ಕುಳಿತು ನೋಡೋಣ.

ಬೆಣ್ಣೆನಗರಿ

ಭಾನುವಾರ ನಡೆದದ್ದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಇದೇ ತೊಂದರೆಯಲ್ಲಿ ಬೇರೆಯವರೂ ಇರಬಹುದು.

ಪಿ.ಜೆ. ಬಡಾವಣೆಯಲ್ಲಿರುವ ಅವರ ಮಗಳ ಮನೆಗೆ ಹೋದೆ. ಗೆರೆ ಸರ್ ಗಾಜಿನ ಪೆಟ್ಟಿಗೆಯ ಮೇಲೆ ಕಾಗದವಿಟ್ಟು, ಕೆಳಗಿನ ಬೆಳಕಿನಲ್ಲಿ ಚಿತ್ರ ಬರೆದ ಕಾಲದವರು. 24 ಫ್ರೇಮಿನ ಫಿಲ್ಮಿಗೆ ಒಂದು ಚಿತ್ರವನ್ನು ಸಾಮಾನ್ಯವಾಗಿ ಎರಡು ಫ್ರೇಮ್ ನಿಲ್ಲಿಸುತ್ತಿದ್ದುದರಿಂದ, ಸೆಕೆಂಡಿಗೆ 12 ಚಿತ್ರಗಳಲ್ಲೇ ಎಲ್ಲವನ್ನೂ ಹೇಳಬೇಕಾಗಿತ್ತಂತೆ. ನನ್ನ ಆರು ಚಿತ್ರಗಳನ್ನು ಒಂದೊಂದಾಗಿ ಮುಂದೆ ಹಿಂದೆ ಸರಿಸಿ ನೋಡಿದರು. ಅವರ ಮೊದಲ ಮಾತು ನನಗೆ ಹಿಡಿಸಲಿಲ್ಲ: “ಇದರಲ್ಲಿ ಮೂರು ಚಿತ್ರ ಹೆಚ್ಚಾಗಿವೆ.” ಒನಕೆ ಕಾಲು ಭಾಗ ಎದ್ದದ್ದು, ತಲೆಯ ಮೇಲೆ ನಿಂತದ್ದು ಮತ್ತು ನಿಂತ ಭಂಗಿಯ ಮೊದಲನೆಯದು, ಈ ಮೂರನ್ನೂ ತೆಗೆದುಹಾಕಿದರು. ಉಳಿದದ್ದು ಬೀಸು, ಪೆಟ್ಟು ಮತ್ತು ಚೇತರಿಕೆ.

ನಾನು ಪಟ್ಟು ಬಿಡಲಿಲ್ಲ. ಹೊಸ ಚಿತ್ರ ಸೇರಿಸಿ, ಆದರೆ ಪೆಟ್ಟು 12ನೆಯ ಟಿಕ್‌ನಲ್ಲೇ ಬೀಳಬೇಕು, ಒಂದು ಟಿಕ್ ತಡವಾದರೂ ಒಪ್ಪುವುದಿಲ್ಲ ಎಂದೆ. ಅವರು ನಕ್ಕು, “ಒಪ್ಪದಿದ್ದರೆ ಒಳ್ಳೆಯದು, ಆಗಲೇ ಪರೀಕ್ಷೆ ಸರಿಯಾಗುತ್ತದೆ” ಎಂದು ಕಾಗದದ ಮೇಲೆ ಲೆಕ್ಕ ಬರೆದುಕೊಟ್ಟರು. ಮೊದಲ ಚಿತ್ರ 10 ಟಿಕ್, ಬೀಸು 2 ಟಿಕ್, ಪೆಟ್ಟು 6, ಚೇತರಿಕೆ 6. ಹತ್ತು ಮತ್ತು ಎರಡು ಹನ್ನೆರಡು. ಒತ್ತಿದ 200 ಮಿಲಿಸೆಕೆಂಡಿಗೆ ಪೆಟ್ಟು, ಮೊದಲಿನಂತೆಯೇ.

ಅವರು ಹೂಡಿದ ಪರೀಕ್ಷೆ ಹೀಗಿತ್ತು. ಎರಡು ಪ್ರತಿಗಳಲ್ಲಿಯೂ ಇದೇ ಲೆಕ್ಕ, ಇದೇ ಕೋಡು, ಇದೇ ಸದ್ದು. ಮೊದಲ ಪ್ರತಿಯಲ್ಲಿ ಆ 10 ಟಿಕ್ ಪೂರ್ತಿ ಸುಮ್ಮನೆ ನಿಂತ ಓಬವ್ವ. ಎರಡನೆಯದರಲ್ಲಿ ಅದರ ಜಾಗದಲ್ಲಿ ಅವರು ಬರೆದ ಒಂದೇ ಒಂದು ಚಿತ್ರ: ಮಂಡಿ ಬಾಗಿ ಸೊಂಟ ಕೆಳಗಿಳಿದಿದೆ, ಒನಕೆಯ ತುದಿ ಬಲ ಭುಜದ ಹಿಂದೆ ಓರೆಯಾಗಿದೆ, ಮುಖ ಮಾತ್ರ ಕಿಂಡಿಯ ಕಡೆಗಿದೆ. ಬೇರೆ ಯಾವ ವ್ಯತ್ಯಾಸವೂ ಇಲ್ಲ.

ಅವರ ಮೊಮ್ಮಕ್ಕಳು ಮತ್ತು ಪಕ್ಕದ ಮನೆಯ ಹುಡುಗರ ಕೈಗೆ, ಏನೂ ಹೇಳದೆ, ಎರಡನ್ನೂ ಕೊಟ್ಟೆವು. ಮೊದಲನೆಯದನ್ನು ಆಡಿದ ಹುಡುಗರು ಗುಂಡಿಯನ್ನು ಪದೇ ಪದೇ ಒತ್ತತೊಡಗಿದರು. ಒಬ್ಬನಂತೂ “ಅಂಕಲ್, ಬಟನ್ ಹಿಡೀತಿಲ್ಲ” ಎಂದು ಲ್ಯಾಪ್‌ಟಾಪನ್ನೇ ನನ್ನ ಕಡೆ ತಳ್ಳಿದ. ಎರಡನೆಯದರಲ್ಲಿ ಯಾರೂ ಎರಡು ಸಲ ಒತ್ತಲಿಲ್ಲ. ಅದೇ ಹುಡುಗ ಇದು ಮೊದಲಿನದಕ್ಕಿಂತ ಬೇಗ ಹೊಡೆಯುತ್ತದೆ ಎಂದ. ನನಗೆ ನಂಬಿಕೆ ಬಾರದೆ ಟಿಕ್ ಎಣಿಕೆಯನ್ನು ಪರದೆಯ ಮೇಲೆಯೇ ಅಚ್ಚು ಹಾಕಿಸಿ ನೋಡಿದೆ. ಎರಡರಲ್ಲಿಯೂ 12 ಎಂದೇ ಬಂತು.

ಕಾರಣವನ್ನು ಗೆರೆ ಸರ್ ಬಿಡಿಸಿ ಹೇಳಿದರು. ಗುಂಡಿ ಒತ್ತಿದವನಿಗೆ ಬೇಕಾದದ್ದು ಪೆಟ್ಟಲ್ಲ, ತನ್ನ ಮಾತು ಕೇಳಿತು ಎಂಬ ಸೂಚನೆ. ಒತ್ತಿದ ಟಿಕ್‌ನಲ್ಲಿಯೇ ಇಡೀ ಆಕೃತಿ ಬದಲಾದರೆ ಆ ಸೂಚನೆ ಆಗಲೇ ಸಿಕ್ಕಿಬಿಡುತ್ತದೆ. ಅಲ್ಲಿಂದ ಪೆಟ್ಟಿನವರೆಗಿನ ಕಾಲವನ್ನು ಕಣ್ಣು ಕಾಯುವಿಕೆ ಎಂದು ಎಣಿಸದೆ ಒನಕೆಯ ಭಾರ ಎಂದು ಎಣಿಸುತ್ತದೆ. ಸಾಲದೆಂಬಂತೆ, ಭುಜದ ಹಿಂದಿನಿಂದ ಎದುರಿನ ಕಲ್ಲಿನವರೆಗಿನ ದೂರವನ್ನು ಒನಕೆ ಎರಡೇ ಟಿಕ್‌ನಲ್ಲಿ ದಾಟುವುದರಿಂದ ರಭಸವೂ ಅಲ್ಲಿಂದಲೇ ಬರುತ್ತದೆ. ನನ್ನ ಹಳೆಯ ಆರು ಚಿತ್ರಗಳು ಅದೇ ದಾರಿಯನ್ನು ಸಮನಾಗಿ ಹಂಚಿಕೊಂಡಿದ್ದವು, ಆದ್ದರಿಂದಲೇ ಎಲ್ಲಿಯೂ ರಭಸವಿರಲಿಲ್ಲ.

ಎರಡು ಅಡಚಣೆಗಳು ಎದುರಾದವು. ಮೊದಲು ಅವರು ಒನಕೆಯನ್ನು ತಲೆಯ ಮೇಲೆ ನೆಟ್ಟಗೆ ಬರೆದಿದ್ದರು. ಹಿಂದಿನ ಕಪ್ಪು ಬಂಡೆಯಲ್ಲಿ ಅದು ಕರಗಿಹೋಯಿತು. ಪಾತ್ರಕ್ಕೆ ಪೂರ್ತಿ ಕಪ್ಪು ತುಂಬಿ ನೋಡಿದಾಗ ಒನಕೆ ಎಲ್ಲಿದೆ ಎಂದು ನನಗೂ ಗೊತ್ತಾಗಲಿಲ್ಲ. ಓರೆಯಾಗಿಸಿ, ತೋಳು ಮತ್ತು ತಲೆಯ ನಡುವೆ ಹಿನ್ನೆಲೆ ಕಾಣುವಷ್ಟು ಸಂದು ಬಿಟ್ಟ ಮೇಲೆ, ಬೆರಳುಗುರಿನಷ್ಟು ಚಿಕ್ಕದಾಗಿಸಿದರೂ ಭಂಗಿ ತಿಳಿಯಿತು. ಎರಡನೆಯದು ನನ್ನ ಪಾಲಿನದು: ಹೊಸ ಚಿತ್ರ ಅಗಲವಾಗಿದ್ದರಿಂದ, ನಡುವನ್ನು ಹಿಡಿದು ಜೋಡಿಸುವ ಗೊಡಾಟ್ ಪಾದವನ್ನು ಪಕ್ಕಕ್ಕೆ ಜಾರಿಸಿಬಿಟ್ಟಿತು. ಎಲ್ಲ ಚಿತ್ರಗಳಿಗೂ ಒಂದೇ ಅಳತೆಯ ಹಾಳೆಯಿಟ್ಟು, ಮುಂದಿನ ಪಾದ ಒಂದೇ ಪಿಕ್ಸೆಲ್‌ನಲ್ಲಿ ಬರುವಂತೆ ಮಾಡಿದೆ.

ಪೆಟ್ಟಿನ ಲೆಕ್ಕವನ್ನು ಚಿತ್ರಕ್ಕೆ ಗಂಟು ಹಾಕದೆ ಟಿಕ್‌ಗೆ ಕಟ್ಟಿದ್ದೇನೆ. ಮುಂದೆ ಚಿತ್ರಗಳು ಬದಲಾದರೂ ಹೊಡೆತ ಅಲ್ಲಾಡುವುದಿಲ್ಲ:

```gdscript
func _physics_process(_delta):
    if not striking:
        return
    hit_shape.disabled = tick < 12 or tick > 14
    tick += 1
    if tick >= 24:
        striking = false
```

ಗುಂಡಿ ಒತ್ತಿದಾಗ `tick` ಸೊನ್ನೆಯಾಗುತ್ತದೆ. `AnimatedSprite2D`ನ ವೇಗವನ್ನು 60ಕ್ಕೆ ಇಟ್ಟು, ನಾಲ್ಕು ಚಿತ್ರಗಳ ಅವಧಿಯನ್ನು 10, 2, 6, 6 ಎಂದು ಕೊಟ್ಟರೆ ಸಾಕು.

ಕಾರ್ತಿಕ ದೀಪ

ನನ್ನದು ಇದರ ತಿರುವುಮುರುವು. ನನ್ನ ಆಟದಲ್ಲಿ ಎದುರಾಳಿ ಕತ್ತಿ ಬೀಸುವ ಮೊದಲು ಇದೇ ರೀತಿ 10 ಟಿಕ್ ಹಿಂದಕ್ಕೆ ಎಳೆಯುತ್ತಾನೆ. ಆದರೂ ಆಡುವವರು ಇದು ಅನ್ಯಾಯ, ತಪ್ಪಿಸಿಕೊಳ್ಳಲು ಆಗುವುದೇ ಇಲ್ಲ ಎಂದು ಬೈಯುತ್ತಾರೆ. ಚಿತ್ರ ಸರಿಯಿಲ್ಲವೇ?

ದುರ್ಗದ ಗೆರೆ

ಚಿತ್ರ ಸರಿಯಿರಬಹುದು, ಕಾಲ ಸಾಲದು. ಓಬವ್ವನನ್ನು ಆಡಿಸುವವನಿಗೆ ತಾನು ಏನು ಮಾಡಲಿದ್ದೇನೆ ಎಂಬುದು ಮೊದಲೇ ಗೊತ್ತಿರುತ್ತದೆ, ಅವನಿಗೆ ಸೂಚನೆ ಸಿಕ್ಕರೆ ಸಾಕು. ಎದುರಾಳಿಯ ಚಿತ್ರವನ್ನು ಅವನು ಕಂಡು, ಅರಿತು, ಬೆರಳು ಆಡಿಸಬೇಕು. ನಿರೀಕ್ಷಿಸಿದ್ದನ್ನು ಕಂಡು ಗುಂಡಿ ಒತ್ತಲಿಕ್ಕೇ ಮನುಷ್ಯರಿಗೆ 200ರಿಂದ 250 ಮಿಲಿಸೆಕೆಂಡ್ ಬೇಕು. ನೀವು ಕೊಟ್ಟಿರುವುದು 167. ಅದೇ ಚಿತ್ರವನ್ನು 25ರಿಂದ 30 ಟಿಕ್ ನಿಲ್ಲಿಸಿ, ಬೀಸನ್ನು ಮಾತ್ರ ಹಾಗೆಯೇ ಚುರುಕಾಗಿ ಇಡಿ.

ಹರಿಹರದ ಪಿಕ್ಸೆಲ್

ಪರೀಕ್ಷೆಯ ಫಲಿತಾಂಶ ಒಪ್ಪುತ್ತೇನೆ, ಆದರೆ ಒಂದು ವಿಷಯವನ್ನು ನೀವಿಬ್ಬರೂ ಹಾರಿಸಿಬಿಟ್ಟಿದ್ದೀರಿ. ಪೆಟ್ಟು 12ರಲ್ಲೇ ಬಿದ್ದರೂ ಇಡೀ ಹೊಡೆತ 18ರಿಂದ 24 ಟಿಕ್‌ಗೆ ಬೆಳೆದಿದೆ. ಇಬ್ಬರು ಸೈನಿಕರು ಒಟ್ಟಿಗೆ ನುಸುಳಿದರೆ ಎರಡನೆಯವನಿಗೆ ಹೊಡೆಯಲು ಓಬವ್ವ ಈಗ 100 ಮಿಲಿಸೆಕೆಂಡ್ ತಡ. ಅಲ್ಲದೆ ಇದೇ ಉಪಾಯವನ್ನು ಜಿಗಿತಕ್ಕೆ ಹಾಕಬೇಡಿ. ನೆಲ ಬಿಡಲು 10 ಟಿಕ್ ಕಾಯಿಸಿದರೆ ಅಂಚಿನಿಂದ ಹಾರುವವನು ಬಿದ್ದೇ ಹೋಗುತ್ತಾನೆ.

ದುರ್ಗದ ಗೆರೆ

ಜಿಗಿತದ ಮಾತು ಸರಿ. ಅಲ್ಲಿ 2 ಅಥವಾ 3 ಟಿಕ್ ಕುಕ್ಕರಿಸಿದರೆ ಹೆಚ್ಚು, ಕೆಲವರು ಅದನ್ನೂ ಕೊಡದೆ ದೇಹವನ್ನು ಕೂಡಲೇ ಹಾರಿಸಿ ಚಿತ್ರವನ್ನು ಮಾತ್ರ ಬಾಗಿಸುತ್ತಾರೆ. ಆದರೆ ಚೇತರಿಕೆಯನ್ನು ಕತ್ತರಿಸುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಭಾರವಾದದ್ದನ್ನು ಬೀಸಿದವರು ಅದನ್ನು ಹಿಂದಕ್ಕೆ ತರಲೂ ಹೆಣಗಬೇಕು.

ಬೆಣ್ಣೆನಗರಿ

ಚೇತರಿಕೆಯ 6 ಟಿಕ್‌ಗಳಲ್ಲಿ ಮತ್ತೆ ಗುಂಡಿ ಒತ್ತಿದರೆ ನೇರವಾಗಿ ಮುಂದಿನ ಆಂಟಿಸಿಪೇಶನ್ ಚಿತ್ರಕ್ಕೆ ಹೋಗುವಂತೆ ಒಂದು ಪ್ರತಿ ಮಾಡುತ್ತಿದ್ದೇನೆ. ಹಾಗೆ ಮಾಡಿದರೆ ಎರಡನೆಯ ಸೈನಿಕ ಸಿಗುತ್ತಾನೆ, ಆದರೆ ಗುಂಡಿಯನ್ನು ಬಡಿಯುತ್ತಲೇ ಇರುವವರಿಗೆ ಒನಕೆ ಮತ್ತೆ ಹಗುರವಾಗುತ್ತದೆಯೋ ಏನೋ. ಎರಡನ್ನೂ ಆಡಿಸಿ ನೋಡಬೇಕು.

ಭದ್ರಾನಾಲೆ

ನನ್ನ ಹಳೆಯ ಪ್ರಶ್ನೆಗೇ ಮತ್ತೆ ಬರುತ್ತೇನೆ. ಬೀಸಿನ ಚಿತ್ರ ಇರುವುದು 2 ಟಿಕ್ ಮಾತ್ರ. ಫೋನು 30 ಫ್ರೇಮಿಗೆ ಇಳಿದರೆ ಅದು ಒಮ್ಮೆ ಮಾತ್ರ ಕಾಣುತ್ತದೆ, ಇನ್ನೂ ಇಳಿದರೆ ಕಾಣದೆಯೂ ಹೋಗಬಹುದು. ಲ್ಯಾಪ್‌ಟಾಪು ಬಿಟ್ಟು, ಹಳೆಯ ಫೋನಿನಲ್ಲಿ ಧೂಳಿನ ಸಮೇತ ಓಡಿಸಿ ನೋಡಿದ್ದೀರಾ?

ಬೆಣ್ಣೆನಗರಿ

ಇಲ್ಲ ಸರ್, ಫೋನಿನಲ್ಲಿ ಇನ್ನೂ ನೋಡಿಲ್ಲ. ಅಣ್ಣನ ಹಳೆಯ ಫೋನಿದೆ. ಅದರಲ್ಲಿ ಓಡಿಸಿ, ಪೆಟ್ಟಿನ ಹೊತ್ತಿಗೆ ಎಷ್ಟು ಫ್ರೇಮ್ ಬರುತ್ತದೆ ಎಂಬುದನ್ನು ಇಲ್ಲಿಯೇ ಹಾಕುತ್ತೇನೆ.